ಅಪ್‌ಡೇಟ್: ಟ್ರ್ಯಾಕ್ಟರ್ ಸಬ್ಸಿಡಿ ಫಾರ್ಮ್, ₹350 ಶುಲ್ಕ

ಕೇಳಿದ್ದು: "ಸಿಂಧನೂರು ಕಡೆ ವಾಟ್ಸಾಪ್‌ನ್ಯಾಗ 'ಪಿಎಂ ಕಿಸಾನ್ ಟ್ರ್ಯಾಕ್ಟರ್ ಯೋಜನೆ' ಫಾರ್ಮ್ ಬಂದೈತಿ, ನೋಂದಣಿಗೆ ₹350 ಕಟ್ಟಬೇಕಂತ. ಖರೇನಾ?"

ಅಪ್‌ಡೇಟ್: ಖರೇ ಅಲ್ಲರೀ. ಇಂಥ ಯೋಜನೆಯೇ ಇಲ್ಲವೆಂದು ಕೇಂದ್ರ ಸರ್ಕಾರದ ಸುದ್ದಿ ಪರಿಶೀಲನಾ ಘಟಕ ಪಿಐಬಿ ಫ್ಯಾಕ್ಟ್ ಚೆಕ್ ಈ ಹಿಂದೆಯೇ ಹೇಳಿದೆ. ಲಾಂಛನ, ಮೊಹರು ನೋಡಿ ನಂಬಬೇಡಿ, ಅವನ್ನು ಯಾರು ಬೇಕಾದರೂ ಅಂಟಿಸಬಹುದು. ನೋಡಬೇಕಾದ್ದು ಲಿಂಕ್. `https://` ಆದಮೇಲೆ ಬರುವ ಮೊದಲ ಓರೆಗೆರೆಯ ಹಿಂದಿನ ಭಾಗ `.gov.in` ಎಂದೇ ಮುಗಿಯಬೇಕು. `pmkisan.gov.in` ಸರಿ. ಚುಕ್ಕೆಯ ಬದಲು ಅಡ್ಡಗೆರೆ ಹಾಕಿ `pmkisan-gov.in` ಎಂದಿದ್ದರೆ ಅದು ಸರ್ಕಾರದ್ದಲ್ಲ; ಅವಸರದಲ್ಲಿ ಓದಿದರೆ ಕಣ್ಣಿಗೆ ಬೀಳುವುದೇ ಇಲ್ಲ.

ದುಡ್ಡು ಕಟ್ಟಿದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಯುಪಿಐ ರಸೀದಿಯಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆ ಹೇಳಿ. ಹಣ ಬೇರೆ ಖಾತೆಗೆ ದಾಟಿದರೆ ಹಿಡಿಯುವುದು ಕಷ್ಟ. ಯಂತ್ರೋಪಕರಣದ ನಿಜವಾದ ಸಬ್ಸಿಡಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.