ಬೆರಳ ಸಂದಿ ತುರಿಕೆ: ಹಚ್ಚಿದಾಗ ಹೋಗುತ್ತೆ, ಬಿಟ್ಟಾಗ ಬರುತ್ತೆ

ಮಂಜುನಾಥ: ಮೇಡಂ, ಮಳೆ ಶುರುವಾದಾಗಿಂದ ಕಾಲಿನ ಕಿರುಬೆರಳ ಸಂದಿಯಲ್ಲಿ ವಿಪರೀತ ತುರಿಕೆ, ಚರ್ಮ ಬೆಳ್ಳಗಾಗಿ ಸಿಪ್ಪೆ ಏಳ್ತಿದೆ. ಮೆಡಿಕಲ್‌ನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ಕಮ್ಮಿ, ಬಿಟ್ಟರೆ ಮತ್ತೆ ಶುರು. ಈಗ ಪಾದದ ಮೇಲಕ್ಕೂ ಬಂದಿದೆ.

ಡಾಕ್ಟರ್ (ಚರ್ಮರೋಗ): ಟ್ಯೂಬ್ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರುಗಳನ್ನು ಇಲ್ಲಿ ಹಾಕಿ.

ಮಂಜುನಾಥ: ಕ್ಲೋಬೆಟಸಾಲ್, ನಿಯೋಮೈಸಿನ್, ಮೈಕೊನಜೋಲ್.

ಸುಮಾ: ಪೌಡರ್ ಹಾಕಿ ಒಣಗಿಸಿದರೆ ಸಾಕು, ಫಂಗಸ್ ತಾನಾಗೇ ಸಾಯುತ್ತೆ.

ಡಾಕ್ಟರ್: ಮಂಜುನಾಥ್, ತೊಂದರೆ ಇರೋದು ಮೊದಲನೇ ಹೆಸರಲ್ಲಿ. ಕ್ಲೋಬೆಟಸಾಲ್ ತುಂಬಾ ಜೋರಿನ ಸ್ಟೀರಾಯ್ಡ್. ಅದು ಕೆಂಪು, ತುರಿಕೆ ಎರಡನ್ನೂ ಅಡಗಿಸುತ್ತೆ, ಹಾಗಾಗಿ ಗುಣವಾಯ್ತು ಅನ್ನಿಸುತ್ತೆ. ಆದರೆ ಫಂಗಸ್ ವಿರುದ್ಧ ಚರ್ಮ ಮಾಡೋ ಹೋರಾಟವನ್ನೂ ಅದೇ ನಿಲ್ಲಿಸುತ್ತೆ. ಒಳಗೆ ಫಂಗಸ್ ಆರಾಮಾಗಿ ಹರಡುತ್ತಾ ಹೋಗುತ್ತೆ. ಸಂದಿಯಿಂದ ಪಾದದ ಮೇಲಕ್ಕೆ ಬಂದದ್ದು ಹೀಗೆಯೇ ಇರಬಹುದು. ಇದನ್ನು ಹಚ್ಚಿದ ಮೇಲೆ ಹುಳುಕಡ್ಡಿಗೆ ಇರೋ ಆ ಕೆಂಪು ಅಂಚೂ ಮಾಸಿಹೋಗುತ್ತೆ, ನೋಡಿದ ಡಾಕ್ಟರಿಗೂ ಗುರುತು ಸಿಗೋದು ಕಷ್ಟ.

ಆ ಟ್ಯೂಬ್ ಇವತ್ತೇ ನಿಲ್ಲಿಸಿ. ಕೆಲವು ದಿನ ತುರಿಕೆ ಮೊದಲಿಗಿಂತ ಹೆಚ್ಚಾಗಬಹುದು, ಆಗ ತಡೆಯಲಾರದೆ ಮತ್ತೆ ಅದನ್ನೇ ಹಚ್ಚೋದೇ ಎಲ್ಲರೂ ಎಡವೋ ಜಾಗ. ಮೇಲಕ್ಕೆ ಹರಡಿರೋದರಿಂದ ನಿಮಗೆ ಮುಲಾಮು ಒಂದೇ ಸಾಲದೆ ಮಾತ್ರೆ ಬೇಕಾಗಬಹುದು. ಚರ್ಮದ ಡಾಕ್ಟರಿಗೆ ತೋರಿಸಿ, ಸಿಪ್ಪೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಅಲ್ಲಿಯವರೆಗೆ ಬೇರೆ ಫಂಗಸ್ ಮುಲಾಮನ್ನೂ ಶುರು ಮಾಡಬೇಡಿ, ಫಂಗಸ್ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು.

ಸ್ಟೀರಾಯ್ಡ್ ಮುಟ್ಟದ, ಬರೀ ಸಂದಿಯಲ್ಲೇ ಇರೋ ತುರಿಕೆಗೆ ಕ್ಲೋಟ್ರಿಮಜೋಲ್ 1% ದಿನಕ್ಕೆ 2 ಸಲ, 4 ವಾರ. ತೆಳುವಾಗಿ, ಸುತ್ತಲಿನ ಒಳ್ಳೆ ಚರ್ಮಕ್ಕೂ ಒಂದಿಷ್ಟು ಸೇರಿಸಿ. ತುರಿಕೆ ಮೊದಲ ವಾರದಲ್ಲೇ ನಿಲ್ಲಬಹುದು, ನಿಂತಿತು ಅಂತ ಬಿಟ್ಟವರಿಗೇ ಅದು ಮರುಕಳಿಸೋದು.

ಸುಮಾ ಅವರೇ, ಪೌಡರ್ ಬೆವರು ಹೀರುತ್ತೆ, ಅಷ್ಟು ನಿಜ. ಫಂಗಸ್ ಸಾಯೋದಿಲ್ಲ. ಒದ್ದೆ ಸಂದಿಗೆ ಹಾಕಿದರೆ ಮುದ್ದೆಗಟ್ಟಿ ಅಲ್ಲೇ ಕೂರುತ್ತೆ.

ರಫೀಕ್: ಒಣಗಿಸೋದು ಅಂದರೆ ಹೇಗೆ ಮೇಡಂ? ದಿನವಿಡೀ ಶೂ ಹಾಕಲೇಬೇಕು.

ಡಾಕ್ಟರ್: ಕೊನೆಯ ಎರಡು ಬೆರಳು ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ, ಅಲ್ಲಿಗೆ ಗಾಳಿ ಹೋಗಲ್ಲ. ಮೇಲೆ ಒರೆಸಿದರೆ ಆ ಸಂದಿ ಒದ್ದೆಯೇ ಉಳಿಯುತ್ತೆ. ಬೆರಳು ಅಗಲಿಸಿ, ಹಳೇ ಹತ್ತಿಬಟ್ಟೆಯ ತುದಿಯನ್ನು ಒಳಗೆ ಇಟ್ಟು ಒತ್ತಿ ತೆಗೆಯಿರಿ. ಉಜ್ಜಬೇಡಿ, ನೆಂದ ಚರ್ಮ ಕಿತ್ತು ಬರುತ್ತೆ. ಕೆಲವು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಮುಲಾಮು. ಆ ಬಟ್ಟೆ ಮೈಗೆ, ತೊಡೆಸಂದಿಗೆ ಮುಟ್ಟಬಾರದು. ಶೂ ಹಾಕಿದಾಗ ಬೆರಳು ಅಂಟುತ್ತಿದ್ದರೆ ನಡುವೆ ತೆಳ್ಳಗೆ ಮಡಿಸಿದ ಗಾಜ್ ಬಟ್ಟೆ ಇಡಿ, ಒದ್ದೆಯಾದಾಗ ಬದಲಿಸಿ. ನೆಂದ ಶೂ ರಾತ್ರಿ ಕಳೆದರೆ ಒಣಗುತ್ತೆ ಅಂದುಕೊಳ್ಳಬೇಡಿ. ಒಳಗಿನ ಪ್ಯಾಡ್ ಹೊರತೆಗೆದು ಬೇರೆಯಾಗಿ ಒಣಗಿಸಿ, ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ.

ನಾಗರಾಜ್: ಫಾರ್ವರ್ಡ್ ಬಂದಿದೆ: ಹಸಿ ಬೆಳ್ಳುಳ್ಳಿ ಅರೆದು ರಾತ್ರಿಯಿಡೀ ಕಟ್ಟಿದರೆ 3 ದಿನದಲ್ಲಿ ಮಾಯ. ಇಲ್ಲದಿದ್ದರೆ ಬ್ಲೀಚ್ ನೀರು.

ಡಾಕ್ಟರ್: ಎರಡೂ ಬೇಡ. ಹಸಿ ಬೆಳ್ಳುಳ್ಳಿ ಕಟ್ಟಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತೆ.

ನಾಗರಾಜ್: ನಮ್ಮ ಹಿರಿಯರು ಮಾಡ್ತಿದ್ದರಲ್ಲ, ಅವರ ಕಾಲು ಹೋಯ್ತಾ?

ಸುಮಾ: ಹಿರಿಯರು ಶೂ, ಸಾಕ್ಸ್ ಹಾಕ್ತಿದ್ದರಾ? ಬ್ಲೀಚ್ ಎಲ್ಲಿತ್ತು ಆಗ?

ನಾಗರಾಜ್: ಪೌಡರ್ ಸಾಕು ಅಂದವರು ನೀವೇ ತಾನೆ.

ಗೀತಾ: ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಅಪ್ಪನಿಗೆ ಶುಗರ್ ಇದೆ. ತುರಿಕೆ ಇಲ್ಲ, ಸಂದಿಯಲ್ಲಿ ಬಿರುಕು ಬಿಟ್ಟಿದೆ. ನಿನ್ನೆಯಿಂದ ಪಾದ ಕೆಂಪಗೆ, ಬಿಸಿ. ಯಾವ ಮುಲಾಮು ಹಚ್ಚಲಿ?

ಡಾಕ್ಟರ್: ಗೀತಾ ಅವರೇ, ಇದು ಮುಲಾಮಿನ ಪ್ರಶ್ನೆ ಅಲ್ಲ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಳೆಗೆ ಇಡಬೇಡಿ. ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕಿರಬಹುದು. ಶುಗರ್‌ನಿಂದ ನರ ಮಂಕಾಗಿದ್ದರೆ ನೋವೂ ಗೊತ್ತಾಗಲ್ಲ, ನೋವಿಲ್ಲ ಅಂತ ಸಮಾಧಾನಪಡಬೇಡಿ. ಹೊರಡೋ ಮುಂಚೆ ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ, ಗೆರೆ ದಾಟಿದೆಯಾ ಅಂತ ಅಲ್ಲಿ ನೋಡ್ತಾರೆ. ಚಳಿಜ್ವರ ಬಂದರೆ, ಪಾದ ಕಪ್ಪಾದರೆ ಸೀದಾ ತುರ್ತು ವಿಭಾಗ. ಬಿಸಿನೀರಲ್ಲಿ ಕಾಲು ಇಳಿಬಿಡಬೇಡಿ.

ಗೀತಾ: ಹೊರಟ್ವಿ ಮೇಡಂ.

ಪ್ರಕಾಶ್: ನನಗೂ ಸಿಪ್ಪೆ ಏಳುತ್ತೆ, ಯಾವ ಮುಲಾಮು?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಲತಾ: ಉಗುರು ಹಳದಿಯಾಗಿ ದಪ್ಪ ಆಗಿದೆ, ಅದೂ ಇದೇನಾ?

ಪ್ರಕಾಶ್: ಮೇಲೆ ಅಂದರೆ ಎಲ್ಲಿ? ಹೆಸರು ಹೇಳಿದರೆ ಸಾಕಿತ್ತು.

ಡಾಕ್ಟರ್: ಕ್ಲೋಟ್ರಿಮಜೋಲ್. ಟ್ಯೂಬ್ ಕೊಳ್ಳುವಾಗ ಹೆಸರು ಓದಿ, ಹೆಸರಿನ ಕೊನೆಗೆ "ಸೋನ್" ಇದ್ದರೆ ಅಥವಾ ಕ್ಲೋಬೆಟಸಾಲ್ ಇದ್ದರೆ ವಾಪಸ್ ಕೊಡಿ.

ನಾಗರಾಜ್: ಬೆಳ್ಳುಳ್ಳಿ ಬೇಡ ಅಂದ್ರಿ, ವಿನೆಗರ್ ಆದ್ರೂ ಆಗಬಹುದಾ?

ಡಾಕ್ಟರ್: ಬಿರುಕು ಬಿಟ್ಟ ಚರ್ಮಕ್ಕೆ ಇಲ್ಲ. ಇನ್ನು ಮನೆಮದ್ದಿನ ಪ್ರಶ್ನೆಗೆ ಉತ್ತರಿಸಲ್ಲ.

ಲತಾ: ಉಗುರಿನದು ಯಾರಾದ್ರೂ ಹೇಳ್ತೀರಾ?