ಪದಚರ್ಚೆ: ಇನ್‌ಸ್ಟಾಲ್ ‘ರೋಲ್‌ಬ್ಯಾಕ್’ ಆಗುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಮಂಡ್ಯ, ವಿದ್ಯಾನಗರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಅಂಟಿಸಲು ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಅಲ್ಲಿನ ಹಳೇ ವಿಂಡೋಸ್ ಕಂಪ್ಯೂಟರ್‌ಗಳಿಗೆ ಪಾಠದ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಲು ಹೋದರೆ ಹಸಿರು ಪಟ್ಟಿ ಹೆಚ್ಚುಕಮ್ಮಿ ಕೊನೆಗೆ ಬರುತ್ತದೆ. ಅಲ್ಲಿ ಸ್ವಲ್ಪ ನಿಂತು, ಆಮೇಲೆ ಹಿಂದಕ್ಕೆ ಓಡುತ್ತದೆ. ಪರದೆ ಮೇಲೆ `Rolling back action` ಅಂತ ಕಾಣುತ್ತದೆ. ಇದನ್ನು ‘ರದ್ದಾಯಿತು’ ಅನ್ನೋಣವೆಂದರೆ ಅಲ್ಲಿನ ಮೇಷ್ಟ್ರು ‘ರದ್ದು ಅಂತ ನಾವ್ಯಾರೂ ಒತ್ತಲಿಲ್ಲವಲ್ಲ’ ಅನ್ನುತ್ತಾರೆ. ‘ಹಿಂಪಡೆ’ ಸರಿಯೇ? ಓದಿದವರಿಗೆ ಕಾರಣವೂ ಹೊಳೆಯುವಂಥ ಪದ ಬೇಕು.

ಶ್ರೀರಂಗಪಟ್ಟಣದಿಂದ

‘ಹಿಂಪಡೆ’ ಚೆನ್ನಾಗಿದೆ, ಹಾಗೇ ಇಟ್ಟುಕೊಳ್ಳಿ. ಕಾರಣ C: ಡ್ರೈವಿನಲ್ಲಿ ಜಾಗ ಸಾಲದಿರುವುದು. ಇನ್‌ಸ್ಟಾಲ್ ಮಾಡುವಾಗ D: ಆರಿಸಿಕೊಂಡರೆ ಮುಗಿಯಿತು.

ಮದ್ದೂರಿನಿಂದ

ನನ್ನ ಫೋನಿನಲ್ಲೂ ಇದೇ ಕಾಟ. ಮೊಮ್ಮಗಳ ಫೋಟೊ, ವಿಡಿಯೊ ಜಾಸ್ತಿಯಾಗಿ ಆ್ಯಪ್ ಇಳಿಯುತ್ತಲೇ ಇರಲಿಲ್ಲ. ಒಂದಷ್ಟು ಅಳಿಸಿದ ಮೇಲೆ ಸರಿಹೋಯಿತು. ಸುಮ್ನೆ ‘ಜಾಗ ತುಂಬಿದೆ’ ಅಂತ ಬರೆದರೆ ಸಾಕಲ್ವಾ?

ಮೈಸೂರು, ಸರಸ್ವತಿಪುರಂನಿಂದ

ಮದ್ದೂರಿನವರು ಹೇಳಿದ್ದು ಕಾರಣದ ಹೆಸರು. ಇಲ್ಲಿ ಕೇಳುತ್ತಿರುವುದು ಆಗುವ ಕೆಲಸದ ಹೆಸರು. ಎರಡೂ ಸೂಚನೆಯಲ್ಲಿ ಬೇಕು, ಆದರೆ ಬೇರೆ ಬೇರೆ ಸಾಲಿನಲ್ಲಿ.

D: ಆರಿಸಿಕೊಂಡರೆ ಮುಗಿಯುವುದಿಲ್ಲ ಸರ್. ಸೆಟಪ್ ಫೈಲು ಮೊದಲು ತನ್ನ ಗಂಟನ್ನೆಲ್ಲ ಬಿಚ್ಚಿಕೊಳ್ಳುವುದು `%TEMP%` ಫೋಲ್ಡರಿನಲ್ಲಿ. ಅದು ಸಾಮಾನ್ಯವಾಗಿ C: ಯಲ್ಲೇ ಇರುತ್ತದೆ. ಒಂದು ಲೆಕ್ಕ ನೋಡಿ. ಸಾಫ್ಟ್‌ವೇರನ್ನೂ C: ಯಲ್ಲೇ ಹಾಕುತ್ತಿದ್ದೀರಿ, ಅಲ್ಲಿ 3 ಜಿಬಿ ಖಾಲಿ ಇದೆ ಅಂದುಕೊಳ್ಳಿ. ಬಿಚ್ಚಿದ ಫೈಲುಗಳಿಗೆ 1.4 ಜಿಬಿ, ಹೊಸ ಆವೃತ್ತಿಗೆ 1.8 ಜಿಬಿ ಬೇಕು. ಹಳೇ ಆವೃತ್ತಿ ಹೋದರೆ ಜಾಗ ಸಿಗುತ್ತದಲ್ಲ ಅನ್ನಬಹುದು. ಆದರೆ ವಿಂಡೋಸ್ ಇನ್‌ಸ್ಟಾಲರ್ ಹಳೇ ಫೈಲುಗಳನ್ನು ತಕ್ಷಣ ಅಳಿಸುವುದಿಲ್ಲ. `Config.Msi` ಅನ್ನುವ ಅಡಗಿದ ಫೋಲ್ಡರಿನಲ್ಲಿ `.rbf` ಹೆಸರಿನಲ್ಲಿ ಎತ್ತಿಡುತ್ತದೆ. ಕೆಲಸ ಪೂರ್ತಿ ಆದ ಮೇಲೇ ಅವನ್ನು ಬಿಡುವುದು. ಹಾಗಾಗಿ ಜಾಗ ಅತಿ ಕಡಿಮೆ ಇರುವುದು ಕೊನೆಯ ಹೊತ್ತಿನಲ್ಲಿ. 3.2 ಬೇಕಾದ ಕಡೆ 3 ಇದ್ದರೆ ಅಲ್ಲೇ ಎಡವುತ್ತದೆ.

ಶುರುವಿನಲ್ಲೇ ಜಾಗದ ಲೆಕ್ಕ ನೋಡುವ ಏರ್ಪಾಡು ಅದರಲ್ಲಿದೆ. ಆದರೆ ಅದು ನೋಡುವುದು ತನ್ನ ಪಟ್ಟಿಯಲ್ಲಿರುವ ಫೈಲುಗಳನ್ನು. ಒಳಗಿನಿಂದ ಇನ್ನೊಂದು ಸೆಟಪ್ ಓಡಿ ಏನಾದರೂ ಬರೆದರೆ ಅದು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಇನ್ನೊಂದು ಮಾತು. ಎಲ್ಲ ವಾಪಸಾದ ಮೇಲೆ ಖಾಲಿ ಜಾಗ ನೋಡಿದರೆ ಮತ್ತೆ 3 ಜಿಬಿಯೇ ಕಾಣುತ್ತದೆ. ಆಗ ಜಾಗದ ತೊಂದರೆ ಅಲ್ಲವೇ ಅಲ್ಲ ಅನ್ನಿಸುತ್ತದೆ. ಪಟ್ಟಿ ಓಡುತ್ತಿರುವಾಗಲೇ C: ಯನ್ನು ಗಮನಿಸಬೇಕು. ಇಲ್ಲವಾದರೆ ಲಾಗ್ ಬರೆಸಿ, ಅದೂ D: ಯಲ್ಲಿ:

```
msiexec /i setup.msi /l*v D:\log.txt
```

ಅದರಲ್ಲಿ `Return value 3` ಹುಡುಕಿ, ಅದರ ಮೇಲಿನ ಸಾಲುಗಳನ್ನು ಓದಿ. ಡಿಸ್ಕ್ ತುಂಬಿದ ಮಾತು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಈಗ ಪದಕ್ಕೆ ಬರುತ್ತೇನೆ. ಇಟ್ಟ ಹೆಜ್ಜೆಗಳನ್ನೆಲ್ಲ ಕೊನೆಯದರಿಂದ ಮೊದಲಿನವರೆಗೆ ಒಂದೊಂದಾಗಿ ತೆಗೆಯುವುದು ಇದರ ಕೆಲಸ. ‘ಹಿಂಪಡೆ’ ಅಂದರೆ ಅರ್ಜಿಯನ್ನೋ ದುಡ್ಡನ್ನೋ ವಾಪಸ್ ತಗೊಂಡ ಹಾಗೆ ಕೇಳಿಸುತ್ತದೆ. ಹೊಲಿಗೆ ಬಿಚ್ಚುತ್ತೀವಲ್ಲ, ಆ ‘ಬಿಚ್ಚು’ ನನಗೆ ಹತ್ತಿರ ಅನ್ನಿಸುತ್ತದೆ.

ಮಂಡ್ಯ, ವಿದ್ಯಾನಗರದಿಂದ

ತುಂಬಾ ಉಪಕಾರವಾಯಿತು ಸರ್. ಆದರೆ ‘ಬಿಚ್ಚು’ ತೊಡಕು. ಸೆಟಪ್ ಮೊದಲು ಗಂಟು ಬಿಚ್ಚುತ್ತದೆ ಅಂತ ನೀವೇ ಬರೆದಿರಿ. ಮಕ್ಕಳು ಜಿಪ್ ಫೈಲಿಗೂ ‘ಬಿಚ್ಚು’ ಅಂತಲೇ ಅನ್ನುತ್ತಾರೆ. ಒಂದೇ ಪುಟದಲ್ಲಿ ಎರಡು ಅರ್ಥ ಬಂದರೆ ಗೊಂದಲ. ‘ಮೊದಲಿನಂತಾಗಿಸು’ ಹೇಗೆ?

ಜೊತೆಗೆ ಒಂದು ಕಂಪ್ಯೂಟರ್‌ನಲ್ಲಿ 40 ಜಿಬಿ ಖಾಲಿ ಇದ್ದರೂ ಹೀಗೇ ಆಗುತ್ತಿದೆ. ಅದಕ್ಕೆ ‘ಜಾಗ ಸಾಲದು’ ಅಂತ ಬರೆಯುವ ಹಾಗಿಲ್ಲ.

ಮೈಸೂರು, ಸರಸ್ವತಿಪುರಂನಿಂದ

ಆ ಕಂಪ್ಯೂಟರ್‌ನ Temp ಫೋಲ್ಡರ್ ತೆರೆದು `tmp` ಅಂತ ಶುರುವಾಗುವ ಪುಟ್ಟ ಫೈಲುಗಳು ಎಷ್ಟಿವೆ ನೋಡಿ. ವಿಂಡೋಸ್ ತಾನೇ ಕೊಡುವ ಈ ತಾತ್ಕಾಲಿಕ ಹೆಸರುಗಳು ಒಂದು ಬಗೆಗೆ 65,535 ಮಾತ್ರ. ಹಳೆಯವನ್ನು ಯಾರೂ ಅಳಿಸದೆ ಅಷ್ಟೂ ಆಗಿಬಿಟ್ಟರೆ ಡಿಸ್ಕಿನಲ್ಲಿ ಜಾಗ ಇದ್ದರೂ ಹೊಸ ಫೈಲು ಹುಟ್ಟುವುದಿಲ್ಲ. ಅಲ್ಲಿ ಮುಗಿದಿರುವುದು ಹೆಸರು, ಜಾಗವಲ್ಲ. ಕಂಪ್ಯೂಟರ್ ಮರುಚಾಲನೆ ಮಾಡಿ, ಸೆಟಪ್ ಶುರುಮಾಡುವ ಮುಂಚೆಯೇ ಅವನ್ನು ಅಳಿಸಿ. ಸೆಟಪ್ ಓಡುವಾಗ ಅಳಿಸಿದರೆ ಅದಕ್ಕೆ ಬೇಕಾದದ್ದೇ ಹೋಗಿಬಿಡಬಹುದು. `C:\Windows\Installer` ಫೋಲ್ಡರನ್ನಂತೂ ಮುಟ್ಟಬೇಡಿ. ಮುಂದೆ ಸಾಫ್ಟ್‌ವೇರ್ ತೆಗೆಯಲು, ದುರಸ್ತಿ ಮಾಡಲು ಅದು ಬೇಕು.

ಸಂಖ್ಯೆ ಕಡಿಮೆ ಇದ್ದರೆ ಕಾರಣ ಬೇರೆ. ಲಾಗ್ ಕಳಿಸಿ, ನೋಡೋಣ.

‘ಮೊದಲಿನಂತಾಗಿಸು’ ಅರ್ಥಕ್ಕೆ ಸರಿ, ಬಾಯಿಗೆ ಉದ್ದ.

ಶ್ರೀರಂಗಪಟ್ಟಣದಿಂದ

D: ವಿಷಯ ತಿಳಿಯಿತು, ಒಪ್ಪಿದೆ. ಆದರೂ ‘ಹಿಂಪಡೆ’ ಬಿಡಲು ಮನಸ್ಸಿಲ್ಲ. ಅಂಗಡಿಯ ಹುಡುಗರು ‘ವಾಪಸ್ ಹೋಯ್ತು’ ಅನ್ನುತ್ತಾರೆ. ಸೂಚನೆಯಲ್ಲಿ ಅದನ್ನೇ ಯಾಕೆ ಹಾಕಬಾರದು?