ಪದಚರ್ಚೆ: ‘ಕೆಳಗಿನ ಬಿಪಿ’ ಅಂದರೆ ಲೋ ಬಿಪಿಯೇ?

ಬೇಲೂರು ಕಡೆಯ ಹಳ್ಳಿಯೊಂದರ ಆರೋಗ್ಯ ಶಿಬಿರಕ್ಕೆ ಐದು ನಿಮಿಷದ ಮಾತು ಬರೆದುಕೊಡುತ್ತಿದ್ದೇನೆ. ಡಾಕ್ಟರ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಎರಡು ಅಂಕಿಗಳ ಅರ್ಥ ಹೇಳಿ, 140/90 ಮುಟ್ಟಿದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು, ಎರಡರಲ್ಲಿ ಒಂದೇ ಹೆಚ್ಚಿದ್ದರೂ ಹೆಚ್ಚೇ, ಅಳೆಯುವ ಮುಂಚೆ ಅರ್ಧ ಗಂಟೆ ಕಾಫಿ ಬೇಡ. ಶಿಬಿರಕ್ಕೆ ಬಂದವರ ಕೈಗೆ ನಾವು ಮೊದಲು ಕೊಡುವುದೇ ಕಾಫಿ ಲೋಟ, ಅದಿರಲಿ.

ಸಂಕೋಚನ, ವ್ಯಾಕೋಚನ ಎಂದು ಬರೆದರೆ ಓದುವ ಹುಡುಗನೇ ತಡವರಿಸುತ್ತಾನೆ. ಅದಕ್ಕೇ ಎಲ್ಲರೂ ಆಡುವ ‘ಮೇಲಿನ ಬಿಪಿ, ಕೆಳಗಿನ ಬಿಪಿ’ ಹಾಕಿ ಮನೆಯಲ್ಲಿ ಓದಿದೆ. ಆಗ ಗೊತ್ತಾಯಿತು: ಹೋದ ತಿಂಗಳು 152/96 ಬಂದಿದ್ದ ನಮ್ಮತ್ತೆ ‘ಕೆಳಗಿನ ಬಿಪಿ 96’ ಅಂದದ್ದನ್ನು ಲೋ ಬಿಪಿ ಎಂದುಕೊಂಡು, ಎರಡು ವಾರ ಉಪ್ಪು ಹಾಕಿದ ನಿಂಬೆ ಪಾನಕ ಕುಡಿದಿದ್ದಾರೆ! ಬೇರೆ ಮಾತಿದೆಯೇ?

ಅರಸೀಕೆರೆಯ ನಿವೃತ್ತ ಮೇಷ್ಟ್ರು:
‘ಹೃದಯ ಬಡಿದಾಗಿನ ಒತ್ತಡ’, ‘ಹೃದಯ ನಿಂತಾಗಿನ ಒತ್ತಡ’ ಎನ್ನಿ. ಬಿಪಿ ಯಾಕೆ, ರಕ್ತದೊತ್ತಡ ಇಲ್ಲವೇ?

ಮೂಡಿಗೆರೆಯಲ್ಲಿ ನರ್ಸ್ ಆಗಿರುವವರು:
ಸಾರ್, ಹೃದಯ ನಿಂತಿತು ಅಂದರೆ ನಮ್ಮ ಕಡೆ ಜನ ಮಡಿಕೆ ತರೋಕೆ ಹೋಗ್ತಾರೆ. ಅದು ನಿಲ್ಲುವುದಿಲ್ಲ, ಎರಡು ಬಡಿತದ ನಡುವೆ ಸಡಿಲವಾಗಿ ರಕ್ತ ತುಂಬಿಕೊಳ್ಳುತ್ತದೆ. ಆಗಲೂ ರಕ್ತನಾಳದಲ್ಲಿ ಉಳಿದಿರುವ ಒತ್ತಡವೇ ಎರಡನೇ ಅಂಕಿ. ನಾನು ಮುಷ್ಟಿ ಬಿಗಿದು, ಸಡಿಲಿಸಿ ತೋರಿಸಿ ‘ಹಿಂಡಿದಾಗ ಇಷ್ಟು, ಸಡಿಲ ಬಿಟ್ಟಾಗ ಇಷ್ಟು’ ಅನ್ನುತ್ತೇನೆ.

‘ಕೆಳಗಿನ’ದಲ್ಲಿ ಇನ್ನೊಂದು ತೊಡಕಿದೆ. ಮಿಷನ್ನಿನಲ್ಲಿ SYS, DIA, PULSE ಒಂದರ ಕೆಳಗೊಂದು ಬರುತ್ತವೆ. ಎಲ್ಲಕ್ಕಿಂತ ಕೆಳಗಿರುವುದು ನಾಡಿಬಡಿತ. 152, 96, 74 ಬಂದಾಗ ‘ಕೆಳಗಿಂದು 74, ಪರವಾಗಿಲ್ಲ’ ಎಂದು ಎದ್ದು ಹೋದವರಿದ್ದಾರೆ.

ಕೊಪ್ಪದಿಂದ ಒಬ್ಬರು:
ನನಗೆ ಮನೆಯಲ್ಲಿ 128/82, ಆಸ್ಪತ್ರೆಯಲ್ಲಿ 146/90. ಯಾವುದನ್ನು ನಂಬಲಿ?

ಮೂಡಿಗೆರೆಯವರು:
ಕೇಳಿದ್ದು ಪದ, ನೀವು ತಂದದ್ದು ತೋಳು! ಡಾಕ್ಟರ ಮುಂದೆ ಕೆಲವರಿಗೆ ಏರುವುದುಂಟು. ಮನೆಯದನ್ನು ಒಂದು ವಾರ ಬೆಳಿಗ್ಗೆ, ಸಂಜೆ ಬರೆದಿಟ್ಟು ಅವರಿಗೇ ತೋರಿಸಿ.

ಬೇಲೂರಿನಿಂದ ಮತ್ತೆ:
ಹೀಗೆ ತಿದ್ದಿದ್ದೇನೆ. ‘ಅವ್ವ, ಚೀಟಿಯಲ್ಲಿ ಎರಡು ನಂಬರ್ ಇರುತ್ತವೆ. ಮೊದಲನೇದು ಹೃದಯ ರಕ್ತ ನೂಕುವಾಗಿನದು, ಎರಡನೇದು ಅದು ಸಡಿಲ ಬಿಟ್ಟಾಗಿನದು. ಮೊದಲನೇದು 140 ಆಗಲಿ, ಎರಡನೇದು 90 ಆಗಲಿ, ಯಾವುದು ಮುಟ್ಟಿದರೂ ಇನ್ನೊಂದು ದಿನ ಬಂದು ತೋರಿಸಿ.’ ಮೇಲೆ, ಕೆಳಗೆ ಎರಡೂ ಹೋದವು. ‘ಹಿಂಡು’ ನಮ್ಮತ್ತೆಗೆ ಸಂಕಟ ಅನ್ನಿಸಿತು, ‘ನೂಕು’ ಒಪ್ಪಿದರು.

ಉಳಿದದ್ದು ‘ಬಿಪಿ ಇಲ್ಲ’. ಮಾತ್ರೆ ತಗೊಂಡು 126/78ಕ್ಕೆ ಬಂದವರಿಗೆ ಹಾಗಂದರೆ ಮಾತ್ರೆ ಬಿಡುತ್ತಾರೆ. ‘ಹತೋಟಿಯಲ್ಲಿದೆ’ ಅನ್ನೋಣವೆಂದರೆ ಅತ್ತೆ ಕೇಳಿದರು: ‘ಹತೋಟಿಗೆ ಬಂದಮೇಲೆ ಮಾತ್ರೆ ಯಾಕೆ?’